ಬೆಂಗಳೂರು ವಿಮಾನ ನಿಲ್ದಾಣ ಮತ್ತು ರಸ್ತೆಯ ಫಲಕಗಳಿಗೆ ಅರಬ್ಬಿ ಸಾಲು: ಎಷ್ಟು ಚಿಕ್ಕದಾಗಿ, ಹೇಗೆ ಬರೆಯಬೇಕು?

ಅತಿಥಿಗೃಹದವನು
ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ನನ್ನ ಅತಿಥಿಗೃಹವಿದೆ. ಚಿಕಿತ್ಸೆಗೆಂದು ಒಮಾನ್, ಯೆಮನ್, ಇರಾಕ್‌ನಿಂದ ಬರುವವರು, ಅವರ ಜೊತೆಗಾರರು ನನ್ನಲ್ಲಿ ಉಳಿದುಕೊಳ್ಳುತ್ತಾರೆ. ಕೆಲವರಿಗೆ ಇಂಗ್ಲಿಷ್ ಬರುತ್ತದೆ, ಹಿರಿಯರಲ್ಲಿ ಬಹುಪಾಲು ಜನರಿಗೆ ಬರುವುದಿಲ್ಲ. ವಿಮಾನ ಇಳಿದವರು ಯಾವುದೋ ಫಲಕದ ಮುಂದೆ ನಿಂತು ಅದರ ಫೋಟೋ ತೆಗೆದು ನನಗೆ ಕಳುಹಿಸಿ "ಇದು ಏನು?" ಎಂದು ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ.

ಹೀಗಾಗಿ ಈಚೆಗೆ ಪ್ರಯಾಣ ಹೋದಾಗ ಎರಡನೆಯ ಟರ್ಮಿನಲ್‌ನ ಫಲಕಗಳನ್ನೂ ಹೆಬ್ಬಾಳದ ತನಕ ರಸ್ತೆಯ ಫಲಕಗಳನ್ನೂ ನಾನೇ ಫೋಟೋ ತೆಗೆದುಕೊಂಡೆ. ಪ್ರತಿ ಫೋಟೋದ ಕೆಳಗೆ ಒಂದು ಸಾಲು ಅರಬ್ಬಿ ಬರೆಸಿ, ಹೊರಡುವ ಮುನ್ನವೇ ಅವರ ಮೊಬೈಲಿಗೆ ಕಳುಹಿಸಬೇಕು ಎನ್ನುವುದು ಯೋಜನೆ. ಅಣ್ಣನ ಮಗ ನಿಘಂಟು ಇಟ್ಟುಕೊಂಡು ಪಟ್ಟಿಯೊಂದನ್ನು ಮಾಡಿಕೊಟ್ಟ. ಅದನ್ನು ಒಮಾನಿನ ಸಲಾಲಾದಿಂದ ಬಂದ ಅತಿಥಿಯೊಬ್ಬರಿಗೆ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರೇ ಹೊರತು ಏನು ತಪ್ಪು ಎಂದು ಹೇಳಲಿಲ್ಲ.

ಪಟ್ಟಿಯ ಕೆಲವನ್ನು ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ. ಚೆಕ್-ಇನ್‌ಗೆ "ತಸ್ಜೀಲ್ ಅಲ್ ವುಸೂಲ್". ಬ್ಯಾಗೇಜ್ ಡ್ರಾಪ್‌ಗೆ "ಇಸ್ಕಾತ್ ಅಲ್ ಅಮ್ತಿಅ". ಕಸ್ಟಮ್ಸ್‌ಗೆ "ಆದಾತ್". ರಸ್ತೆಯಲ್ಲಿ ಫ್ರೀ ಲೆಫ್ಟ್ ಎಂದಿರುವುದಕ್ಕೆ "ಯಸಾರ್ ಮಜ್ಜಾನಿ". ಬಲ್ಲವರು ತಿದ್ದಿಕೊಡಿ.

ಮಸ್ಕತ್_ನಿವಾಸಿ
ನಿಮ್ಮ ಅತಿಥಿ ನಕ್ಕದ್ದು ಸರಿಯಾಗಿಯೇ ಇದೆ. "ಯಸಾರ್ ಮಜ್ಜಾನಿ" ಎಂದರೆ ದುಡ್ಡು ಕೊಡಬೇಕಿಲ್ಲದ ಎಡಭಾಗ. "ಆದಾತ್" ಎಂದರೆ ರೂಢಿ, ಅಭ್ಯಾಸ. ಸುಂಕದ ವಿಭಾಗಕ್ಕೆ "ಜಮಾರಿಕ್" ಎನ್ನಬೇಕು. "ಇಸ್ಕಾತ್" ಎಂದರೆ ಮೇಲಿನಿಂದ ಕೆಳಕ್ಕೆ ಬೀಳಿಸುವುದು. ಪೆಟ್ಟಿಗೆಯನ್ನು ನೆಲಕ್ಕೆ ಎತ್ತಿಹಾಕಿ ಎಂದು ನಿಮ್ಮ ಹುಡುಗ ಬರೆದಿದ್ದಾನೆ.

ಇವು ನಗಿಸುತ್ತವೆ, ದಾರಿ ತಪ್ಪಿಸುವುದಿಲ್ಲ. ನಿಜವಾಗಿ ತೊಂದರೆ ಕೊಡುವುದು ಮೊದಲನೆಯದು. "ತಸ್ಜೀಲ್ ಅಲ್ ವುಸೂಲ್" ವ್ಯಾಕರಣದಲ್ಲಿ ಸರಿ, ಹೋಟೆಲ್‌ನಲ್ಲೂ ಸರಿ: ಬಂದು ತಲುಪಿದ್ದನ್ನು ದಾಖಲಿಸುವುದು. ಆದರೆ ವಿಮಾನ ನಿಲ್ದಾಣದಲ್ಲಿ "ವುಸೂಲ್" ಎಂಬ ಪದ ಆಗಮನದ ಫಲಕದ ಮೇಲಿರುತ್ತದೆ. ಊರಿಗೆ ಹಿಂದಿರುಗಲು ಹೊರಟವರ ಕೈಯಲ್ಲಿ "ವುಸೂಲ್" ಎಂದು ಬರೆದ ಚಿತ್ರ ಇಟ್ಟರೆ ಅವರು ಆಗಮನದ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ "ಇಜ್ರಾಆತ್ ಅಸ್ಸಫರ್" ಎಂದು ಬರೆಸಿ, ಪ್ರಯಾಣದ ವಿಧಿಗಳು ಎಂದರ್ಥ. ಕೊಲ್ಲಿ ದೇಶಗಳ ವಿಮಾನ ನಿಲ್ದಾಣಗಳಲ್ಲಿ ಅವರು ಕಂಡಿರುವ ಮಾತು ಅದು.

ಸಾಮಾನಿನ ವಿಷಯದಲ್ಲಿ ಎರಡು ಪದಗಳನ್ನು ಬೇರೆ ಬೇರೆ ಇಡಿ. ನಾವು ಪೆಟ್ಟಿಗೆಯನ್ನು ಅವರಿಗೆ ಒಪ್ಪಿಸುವ ಕೌಂಟರ್ "ತಸ್ಲೀಮ್ ಅಲ್ ಅಮ್ತಿಅ". ಇಳಿದ ಮೇಲೆ ಓಡುವ ಬೆಲ್ಟ್‌ನಿಂದ ಪಡೆಯುವ ಜಾಗ "ಇಸ್ತಿಲಾಮ್ ಅಲ್ ಅಮ್ತಿಅ". ಕಿವಿಗೆ ಹತ್ತಿರ, ಅರ್ಥಕ್ಕೆ ತದ್ವಿರುದ್ಧ.

ಭಟ್ಕಳದ_ಓದುಗ
ತಸ್ಲೀಮ್ ಎಂದರೆ ನಮಸ್ಕಾರ ಅಲ್ಲವೇ? ನಮ್ಮಲ್ಲಿ ಹಿರಿಯರಿಗೆ "ತಸ್ಲೀಮ್" ಎನ್ನುತ್ತಾರೆ. ಸಾಮಾನಿಗೆ ನಮಸ್ಕಾರ ಮಾಡಿಸುತ್ತೀರಾ?

ಇಷ್ಟೊಂದು ಕಷ್ಟ ಏಕೆ ಪಡುತ್ತೀರಿ? ಉರ್ದು ಬಲ್ಲ ಯಾರನ್ನಾದರೂ ಕೂರಿಸಿಕೊಂಡು ಬರೆಸಿ. ಲಿಪಿ ಒಂದೇ. ಮುಸಾಫಿರ್, ಮಮ್ನೂ, ಇಂತಿಝಾರ್ ಎಲ್ಲವೂ ಎರಡೂ ಕಡೆ ಇವೆ.

ಮಸ್ಕತ್_ನಿವಾಸಿ
ನೀವು ಹೇಳಿದ ಮೂರು ಪದಗಳೂ ಎರಡೂ ಕಡೆ ಇವೆ, ಒಪ್ಪಿದೆ. ಆದರೆ ವಿಮಾನ ನಿಲ್ದಾಣಕ್ಕೆ ಉರ್ದುವಿನಲ್ಲಿ "ಹವಾಯಿ ಅಡ್ಡಾ" ಎನ್ನುತ್ತಾರೆ, ಅರಬ್ಬಿಯಲ್ಲಿ "ಮತಾರ್". ಉರ್ದುವಿನ "ಗರೀಬ್" ಬಡವ, ಅರಬ್ಬಿಯವರಿಗೆ ಆ ಪದ ಅಪರಿಚಿತ, ವಿಚಿತ್ರ. ತಸ್ಲೀಮ್ ಕೂಡ ಅರಬ್ಬಿ ಫಲಕದ ಮೇಲೆ ಒಪ್ಪಿಸುವುದೇ ಆಗುತ್ತದೆ, ನಮಸ್ಕಾರವಲ್ಲ.

ಲಿಪಿಯೂ ಪೂರ್ತಿ ಒಂದೇ ಅಲ್ಲ. ಉರ್ದುವಿನ ಟ, ಡ, ಗ, ಚ ಅಕ್ಷರಗಳು ಅರಬ್ಬಿ ವರ್ಣಮಾಲೆಯಲ್ಲಿ ಇಲ್ಲ. ಉರ್ದು ಪತ್ರಿಕೆಗಳಲ್ಲಿ ಕಾಣುವ ಇಳಿಜಾರಿನ ನಸ್ತಾಲೀಕ್ ಬರಹ ಅರಬ್ಬರ ಕಣ್ಣಿಗೆ ಅಲಂಕಾರದ ಕೈಬರಹ. ಓದುತ್ತಾರೆ, ಆದರೆ ತಡವರಿಸುತ್ತಾರೆ. ಫಲಕಕ್ಕೆ ನೇರ ಗೆರೆಯ ಮೇಲೆ ಕೂರುವ ನಸ್ಖ್ ಶೈಲಿಯ ಅಕ್ಷರವನ್ನೇ ಆರಿಸಿಕೊಳ್ಳಿ.

ಭಟ್ಕಳದ_ಓದುಗ
ನಸ್ತಾಲೀಕ್ ಓದಲು ಬಾರದವರು ಅರಬ್ಬರೇ ಅಲ್ಲ ಎನ್ನುತ್ತೇನೆ. ಆದರೂ ಹವಾಯಿ ಅಡ್ಡಾ ವಿಷಯದಲ್ಲಿ ನೀವು ಗೆದ್ದಿರಿ.

ಕನ್ನಡವೇ_ಮೊದಲು
ನಮ್ಮ ನೆಲದ ವಿಮಾನ ನಿಲ್ದಾಣದಲ್ಲಿ ಅರಬ್ಬಿ ಫಲಕ ಏಕೆ ಬೇಕು? ಮೊದಲು ಕನ್ನಡದ ಅಕ್ಷರ ದೊಡ್ಡದಾಗಲಿ. ಇದಕ್ಕೆ ಸಹಿ ಸಂಗ್ರಹ ಮಾಡುತ್ತಿದ್ದರೆ ನನ್ನ ವಿರೋಧವಿದೆ.

ಹಳದಿ_ಬೋರ್ಡ್
ಸ್ವಾಮಿ, ಫಲಕ ಹಾಕುತ್ತಿಲ್ಲ. ಅವರ ಮೊಬೈಲಿನ ಫೋಟೋ ಕೆಳಗೆ ಒಂದು ಸಾಲು ಬರೆಯುತ್ತಿದ್ದಾರೆ. ಮೊದಲ ಪೋಸ್ಟ್ ಓದಿ.

ಅಕ್ಷರ_ಜೋಡಣೆ
ಬೆಂಗಳೂರಿನಲ್ಲಿ ನನ್ನದು ಡಿಟಿಪಿ ಕೆಲಸ. ಪದ ಸರಿಯಾಗಿ ಬರೆಸಿದ ಮೇಲೂ ಕೆಲಸ ಕೆಡುವುದು ನಮ್ಮ ಮೇಜಿನ ಮೇಲೆ. ಅರಬ್ಬಿ ಅಕ್ಷರಗಳು ಒಂದಕ್ಕೊಂದು ಕೈಹಿಡಿದುಕೊಂಡು ಬಲದಿಂದ ಎಡಕ್ಕೆ ಹೋಗುತ್ತವೆ. ಅರಬ್ಬಿ ಬೆಂಬಲವಿಲ್ಲದ ಹಳೆಯ ಚಿತ್ರ ಸಂಪಾದನೆಯ ಸಾಫ್ಟ್‌ವೇರ್‌ಗೆ ಅಂಟಿಸಿದರೆ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಿರುಗಿ ನಿಲ್ಲುತ್ತವೆ. ಗಿರಾಕಿಗೂ ತಿಳಿಯುವುದಿಲ್ಲ, ಮುದ್ರಿಸುವವನಿಗೂ ತಿಳಿಯುವುದಿಲ್ಲ. ಊರ ತುಂಬ ಅಂಥ ಬೋರ್ಡ್‌ಗಳಿವೆ.

ಅರಬ್ಬಿ ಬಾರದವರೂ ಇದನ್ನು ಪತ್ತೆ ಮಾಡಬಹುದು. "ಅಲ್" ಎಂದು ಆರಂಭವಾಗುವ ಪದದಲ್ಲಿ ಎರಡು ಉದ್ದದ ಕಂಬಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಅವು ಪದದ ಬಲತುದಿಯಲ್ಲಿ ಇರಬೇಕು. ಎಡತುದಿಯಲ್ಲಿ ಕಂಡರೆ ಪದ ಉಲ್ಟಾ ಆಗಿದೆ. ಎರಡನೆಯದಾಗಿ, ಇಡೀ ಪದದಲ್ಲಿ ಒಂದು ಅಕ್ಷರವೂ ಇನ್ನೊಂದಕ್ಕೆ ಅಂಟಿರದಿದ್ದರೆ ಅನುಮಾನಿಸಿ.

ಪ್ರಶ್ನಾರ್ಥಕ
ಹಾಗಾದರೆ ಎಲ್ಲಿ ಬಿಡುವು ಕಂಡರೂ ತಪ್ಪು ಎಂದು ತಿಳಿಯಬಹುದೇ?

ಮಸ್ಕತ್_ನಿವಾಸಿ
ಇಲ್ಲ, ಅಷ್ಟು ಸುಲಭವಿಲ್ಲ. ಅಲಿಫ್, ದಾಲ್, ಝಾಲ್, ರಾ, ಝಾಯ್, ವಾವ್ ಈ ಆರು ಅಕ್ಷರಗಳು ತಮ್ಮ ಮುಂದಿನದಕ್ಕೆ ಎಂದೂ ಕೂಡಿಕೊಳ್ಳುವುದಿಲ್ಲ. ಹೊರದಾರಿಗೆ "ಮಖ್ರಜ್" ಎಂದು ಬರೆಯುತ್ತೇವೆ. ಅದರಲ್ಲಿ ಮೊದಲ ಮೂರು ಅಕ್ಷರ ಒಂದೇ ಎಳೆಯಲ್ಲಿ ಇರುತ್ತವೆ, ರಾ ಆದ ಮೇಲೆ ಕಡಿದು ಜೀಮ್ ಒಂಟಿಯಾಗಿ ನಿಲ್ಲುತ್ತದೆ. ಅದು ಸರಿಯಾದ ರೂಪ. ಅದೇ ಪದದಲ್ಲಿ ನಾಲ್ಕೂ ಅಕ್ಷರ ಬಿಡಿಬಿಡಿ ಇದ್ದರೆ ಕೆಟ್ಟಿದೆ. ಅನುಮಾನ ಬಂದರೆ ಆ ಸಾಲನ್ನು ಮೊಬೈಲಿನಲ್ಲೇ ಟೈಪ್ ಮಾಡಿಸಿ, ಪಕ್ಕದಲ್ಲಿ ಹಿಡಿದು ಆಕಾರ ಹೋಲಿಸಿ. ಮೊಬೈಲ್ ಸರಿಯಾಗಿ ಕೂಡಿಸಿಯೇ ತೋರಿಸುತ್ತದೆ.

ಅಕ್ಷರ_ಜೋಡಣೆ
ಬಾಣದ ಗುರುತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅರಬ್ಬಿ ಪುಟ ಮಾಡುವಾಗ ಇಡೀ ಪುಟವನ್ನು ಬಲ-ಎಡ ಮಗುಚುವ ಸೌಲಭ್ಯ ಇರುತ್ತದೆ. ಚಿತ್ರ ಬಲಕ್ಕೆ, ಬರಹ ಎಡಕ್ಕೆ ಹೋಗುವುದು ಸರಿಯೇ. ಆದರೆ ಕೆಲವೊಮ್ಮೆ ಅದರ ಜೊತೆ ಬಾಣವೂ ಮಗುಚಿಕೊಳ್ಳುತ್ತದೆ. ಫಲಕದಲ್ಲಿ ಎಡಕ್ಕೆ ತೋರಿಸುವ ಬಾಣ ನಿಮ್ಮ ಚಿತ್ರದಲ್ಲಿ ಬಲಕ್ಕೆ ತೋರಿಸುತ್ತದೆ. ಬರಹದ ದಿಕ್ಕು ಬದಲಾದರೂ ಗೋಡೆ ಬದಲಾಗುವುದಿಲ್ಲವಲ್ಲ. ಅದಕ್ಕೇ ಬಾಣವನ್ನು ಬರಹದ ಸಾಲಿಗೆ ಸೇರಿಸಲೇಬೇಡಿ, ಫೋಟೋದಲ್ಲಿ ಇದ್ದಂತೆಯೇ ಬಿಟ್ಟು, ಕೆಳಗೆ "ಯಮೀನ್" ಅಥವಾ "ಯಸಾರ್" ಎಂದು ಬರೆಸಿ.

ಅತಿಥಿಗೃಹದವನು
ಬಾಣ ಮೇಲಕ್ಕೆ ಇದ್ದರೆ? ನನ್ನ ಫೋಟೋಗಳಲ್ಲಿ ಅರ್ಧದಷ್ಟು ಹಾಗೇ ಇವೆ. ಒಬ್ಬ ಇರಾಕಿ ಅಜ್ಜಿ ಅದನ್ನು ನೋಡಿ ಎಸ್ಕಲೇಟರ್ ಹುಡುಕಿದ್ದರಂತೆ.

ಮಸ್ಕತ್_ನಿವಾಸಿ
"ಇಲಾ ಅಲ್ ಅಮಾಮ್" ಎನ್ನಿ, ನೇರ ಮುಂದಕ್ಕೆ. ನಿಜಕ್ಕೂ ಮೇಲಿನ ಮಹಡಿಗೆ ಹೋಗಬೇಕಾದ ಕಡೆ ಮಾತ್ರ "ಅಲ್ ಮಿಸ್ಅದ್" ಎಂದು ಲಿಫ್ಟ್‌ನ ಹೆಸರನ್ನೇ ಹೇಳಿಬಿಡಿ.

ಕೈರೋ_ನೆನಪು
ನಾನು ಈಜಿಪ್ಟ್‌ನಲ್ಲಿ ಕೆಲಸ ಮಾಡಿದವಳು. ಮಸ್ಕತ್ತಿನವರು ಹೇಳುವುದೆಲ್ಲ ಕೊಲ್ಲಿಯ ಮಾತು, ಎಲ್ಲ ಅರಬ್ಬರಿಗೂ ಅದೇ ಹೊಂದುತ್ತದೆ ಎಂದುಕೊಳ್ಳಬೇಡಿ. ವಾಹನ ನಿಲುಗಡೆ ನಿಷೇಧದ ಫಲಕವನ್ನೇ ನೋಡಿ. ಕೊಲ್ಲಿಯಲ್ಲಿ "ಮಮ್ನೂಅ್ ಅಲ್ ವುಕೂಫ್" ಎಂದರೆ ಸಾಕು. ಕೈರೋದಲ್ಲಿ ಗಾಡಿ ಬಿಟ್ಟು ಹೋಗಬಾರದು ಎನ್ನುವುದಕ್ಕೆ "ಮಮ್ನೂಅ್ ಅಲ್ ಇಂತಿಝಾರ್" ಎನ್ನುತ್ತಾರೆ, ವುಕೂಫ್ ಎಂದರೆ ಅರೆಗಳಿಗೆಯೂ ನಿಲ್ಲಿಸಬಾರದು ಎಂಬ ಅರ್ಥ ಬರುತ್ತದೆ. ಶೌಚಾಲಯಕ್ಕೂ ಹಾಗೆಯೇ: "ದೌರಾತ್ ಅಲ್ ಮಿಯಾಹ್" ಎಂದರೆ ಎಲ್ಲ ಕಡೆಯೂ ನಡೆಯುತ್ತದೆ, "ಹಮ್ಮಾಮ್" ಎಂದರೆ ಮಾತಿನಲ್ಲಿ ತಿಳಿಯುತ್ತದೆ, ಮೊರಾಕೊದ ಕಡೆ ಫಲಕದ ಮೇಲೆ "ಮರಾಹೀಧ್" ಕಾಣುತ್ತದೆ.

ಹಳದಿ_ಬೋರ್ಡ್
ಚಿಕಿತ್ಸೆಗೆ ಬಂದವರು ಗಾಡಿ ಓಡಿಸುವುದೇ ಇಲ್ಲ, ನಿಲುಗಡೆ ನಿಷೇಧ ತಿಳಿದು ಏನು ಮಾಡುತ್ತಾರೆ? ನಾನು ಟ್ಯಾಕ್ಸಿ ಓಡಿಸುವವನು, ನನ್ನ ಕಷ್ಟ ಬೇರೆ. ಸಾದಹಳ್ಳಿ ಟೋಲ್ ಬಂದ ಕೂಡಲೇ ಜಗಳ ಶುರು. ಮೊದಲು ಹೇಳಿದ ಬಾಡಿಗೆಯ ಮೇಲೆ ಇದೇನು ಇನ್ನೊಂದು ದುಡ್ಡು ಎಂದು ಕೇಳುತ್ತಾರೆ. ನಾನು ಕೈಸನ್ನೆ ಮಾಡುತ್ತೇನೆ, ಅವರು ಮಗನಿಗೆ ಫೋನ್ ಹಚ್ಚುತ್ತಾರೆ, ಮಗ ನನಗೆ ಬಯ್ಯುತ್ತಾನೆ. ಆ ಟೋಲ್ ಫಲಕದ ಫೋಟೋಗೆ ಒಂದು ಸಾಲು ಬರೆದುಕೊಡಿ, ಉಳಿದದ್ದು ಏನಾದರೂ ಮಾಡಿಕೊಳ್ಳಿ.

ಮಸ್ಕತ್_ನಿವಾಸಿ
"ರುಸೂಮ್ ಅತ್ತರೀಕ್". ರಸ್ತೆ ಶುಲ್ಕ. ಒಮಾನಿನವರು ಊರಿನಲ್ಲಿ ಟೋಲ್ ಕಟ್ಟಿ ಅಭ್ಯಾಸವಿಲ್ಲದವರು, ಅದಕ್ಕೇ ಅನುಮಾನ ಪಡುತ್ತಾರೆ. ಕೆಳಗೆ "ಗೈರ್ ಮಶ್ಮೂಲ" ಎಂದೂ ಸೇರಿಸಿ, ಬಾಡಿಗೆಯಲ್ಲಿ ಸೇರಿಲ್ಲ ಎಂದು.

ಹಳದಿ_ಬೋರ್ಡ್
ಸೇರಿದ್ದರೆ ಏನು ಬರೆಯಬೇಕು ಎಂಬುದನ್ನೂ ಹೇಳಿ. ಕೆಲವರು ಸೇರಿಸಿಯೇ ಬಾಡಿಗೆ ಹೇಳಿ, ಟೋಲ್‌ನಲ್ಲಿ ಮತ್ತೆ ಕೇಳುತ್ತಾರೆ. ಅಂಥವರಿಂದ ನಮಗೂ ಕೆಟ್ಟ ಹೆಸರು.

ಮಸ್ಕತ್_ನಿವಾಸಿ
"ಗೈರ್" ತೆಗೆದುಬಿಡಿ.

ನರ್ಸಮ್ಮ
ರಸ್ತೆಯ ಫಲಕಗಳಲ್ಲಿ ಯಾವುದಕ್ಕೆ ಅರಬ್ಬಿ ಬೇಕು, ಯಾವುದಕ್ಕೆ ಬೇಡ ಎಂದು ಮೊದಲು ಆರಿಸಿಕೊಳ್ಳಿ. ಎಂಟು ಮೂಲೆಯ ಕೆಂಪು ನಿಲ್ಲಿ ಫಲಕ ಅವರ ಊರಿನಲ್ಲೂ ಅದೇ ಆಕಾರದಲ್ಲಿದೆ, ಮೇಲೆ "ಕಿಫ್" ಎಂದಿರುತ್ತದೆ ಅಷ್ಟೆ. ಅದಕ್ಕೆ ಸಾಲು ದಂಡ.

ನಮ್ಮ ವಾರ್ಡ್‌ಗೆ ಬಂದ ಒಬ್ಬ ಯೆಮನಿ ಯುವಕನ ಕಥೆ ಕೇಳಿ. ಅಪ್ಪನಿಗೆ ಔಷಧಿ ತರಲು ರಸ್ತೆ ದಾಟುತ್ತಿದ್ದ. ಅವರ ಊರಿನಲ್ಲಿ ವಾಹನ ಬಲಬದಿಯಲ್ಲಿ ಓಡುತ್ತವೆ, ಹಾಗಾಗಿ ರಸ್ತೆಗೆ ಇಳಿಯುವಾಗ ಕಣ್ಣು ಮೊದಲು ಎಡಕ್ಕೆ ಹೋಗುತ್ತದೆ. ಇಲ್ಲಿ ಹತ್ತಿರದ ವಾಹನ ಬರುವುದು ಬಲದಿಂದ. ಆಟೋ ತಗುಲಿ ಕಾಲಿನ ಮೂಳೆ ಮುರಿದು ಅಪ್ಪನ ಪಕ್ಕದ ಮಂಚಕ್ಕೆ ಬಂದ. ರಸ್ತೆ ದಾಟುವ ಪಟ್ಟೆಯ ಫೋಟೋ ನಿಮ್ಮಲ್ಲಿ ಇದ್ದರೆ ಅದನ್ನೇ ಮೊದಲ ಪುಟಕ್ಕೆ ಹಾಕಿ, ಮೊದಲು ಬಲಕ್ಕೆ ನೋಡಿ ಎಂದು ಬರೆಸಿ.

ಕೈರೋ_ನೆನಪು
"ಉನ್ಝುರ್ ಯಮೀನನ್ ಅವ್ವಲನ್". ಮೂರೇ ಪದ. ಪಟ್ಟೆ ಇರುವ ಕಡೆಯೂ ಬೆಂಗಳೂರಿನಲ್ಲಿ ವಾಹನ ನಿಲ್ಲುವುದಿಲ್ಲ ಎಂಬುದನ್ನು ಎಷ್ಟು ಪದದಲ್ಲಿ ಹೇಳಬೇಕೋ ಗೊತ್ತಿಲ್ಲ.

ಭಟ್ಕಳದ_ಓದುಗ
ಫ್ರೀ ಲೆಫ್ಟ್‌ಗೆ ಏನು ಬರೆಯಬೇಕು ಎಂದು ಯಾರೂ ಹೇಳಲಿಲ್ಲ.

ಮಸ್ಕತ್_ನಿವಾಸಿ
ಓಡಿಸುವವರಿಗಾದರೆ "ಅಲ್ ಇನ್ಇತಾಫ್ ಯಸಾರನ್ ಮಸ್ಮೂಹ್", ಎಡಕ್ಕೆ ತಿರುಗಲು ಅನುಮತಿ ಇದೆ ಎಂದು. ನಡೆದು ಹೋಗುವವರಿಗೆ ಬೇರೆಯೇ ಹೇಳಬೇಕು: ಕೆಂಪು ದೀಪವಿದ್ದರೂ ಈ ಮೂಲೆಯಲ್ಲಿ ವಾಹನ ಬರುತ್ತದೆ ಎಂದು. "ಇಹ್ಝರ್, ಸಯ್ಯಾರಾತ್" ಸಾಕು, ಎಚ್ಚರ, ಕಾರುಗಳು. ಒಂದೇ ಫಲಕ, ಓದುವವರು ಯಾರು ಎಂಬುದರ ಮೇಲೆ ಸಾಲು ಬದಲಾಗುತ್ತದೆ. ಅತಿಥಿಗೃಹದವರಿಗೆ ಎರಡನೆಯದು ಬೇಕು.

ಅತಿಥಿಗೃಹದವನು
ಇದು ನನಗೆ ಹೊಳೆದಿರಲಿಲ್ಲ. ವಲಸೆ ವಿಭಾಗದ ಕೌಂಟರ್‌ಗಳ ಫಲಕದ ಫೋಟೋ ಸಿಕ್ಕಿಲ್ಲ. ಮುಂದಿನ ಸಲ ತೆಗೆಯುತ್ತೇನೆ.

ಪ್ರಶ್ನಾರ್ಥಕ
ತೆಗೆಯಬೇಡಿ! ವಲಸೆ, ಸುಂಕ, ಭದ್ರತಾ ತಪಾಸಣೆಯ ಜಾಗದಲ್ಲಿ ಫೋಟೋ ನಿಷೇಧ. ಅಲ್ಲೇ ಫಲಕ ಇದೆ. ಅದರ ಫೋಟೋ ತೆಗೆಯಲೂ ಆಗುವುದಿಲ್ಲ.

ಮಸ್ಕತ್_ನಿವಾಸಿ
ಅಲ್ಲಿಗೆ ಚಿತ್ರವಿಲ್ಲದೆ ಬರಹ ಮಾತ್ರ ಕೊಡಿ. ಪಾಸ್‌ಪೋರ್ಟ್ ತಪಾಸಣೆ "ಅಲ್ ಜವಾಝಾತ್". ವಿದೇಶಿಯರ ಸಾಲು "ಅಲ್ ಅಜಾನಿಬ್". ಇ-ವೀಸಾ ಪಡೆದವರಿಗೆ "ಅತ್ತಅ್ಶೀರ ಅಲ್ ಇಲಿಕ್ತ್ರೂನಿಯ್ಯ". ಇಂಗ್ಲಿಷ್ ಪದವನ್ನೂ ಅದರ ಮೇಲೆ ದೊಡ್ಡದಾಗಿ ಬರೆಯಿರಿ, ಅವರು ಅಕ್ಷರದ ಆಕಾರ ಹೋಲಿಸಿ ಸಾಲು ಕಂಡುಕೊಳ್ಳುತ್ತಾರೆ.

ಮರಳಿ ಹೋಗುವಾಗಿನ ಇನ್ನೊಂದು ಸಂಗತಿಯನ್ನು ಬಿಡಬೇಡಿ. ನಮ್ಮಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ನೋಡಿಯೇ ಟರ್ಮಿನಲ್ ಕಟ್ಟಡದ ಒಳಗೆ ಬಿಡುತ್ತಾರೆ. ಬೇರೆ ಅನೇಕ ದೇಶಗಳಲ್ಲಿ ಬೀಳ್ಕೊಡುವವರೂ ಕೌಂಟರ್‌ವರೆಗೆ ಹೋಗುತ್ತಾರೆ. ಇಲ್ಲಿ ಬಾಗಿಲಲ್ಲಿ ಪಾಸ್‌ಪೋರ್ಟ್ ಪೆಟ್ಟಿಗೆಯ ತಳದಲ್ಲಿ ಇದ್ದರೆ ಎಲ್ಲವನ್ನೂ ಪಾದಚಾರಿ ಹಾದಿಯ ಮೇಲೆ ಬಿಚ್ಚಬೇಕಾಗುತ್ತದೆ. ಬಾಗಿಲಿನ ಫೋಟೋ ಕೆಳಗೆ "ಅದ್ದುಖೂಲ್ ಬಿತ್ತಝ್ಕಿರ ವ ಜವಾಝ್ ಅಸ್ಸಫರ್ ಫಕತ್" ಎಂದು ಬರೆಸಿ. ಟಿಕೆಟ್ ಮತ್ತು ಪಾಸ್‌ಪೋರ್ಟ್ ಇದ್ದರೆ ಮಾತ್ರ ಪ್ರವೇಶ. ಸ್ವಲ್ಪ ಉದ್ದವಾಯಿತು, ಆದರೆ ಇದನ್ನು ಮನೆಯಲ್ಲೇ ಓದಿಕೊಳ್ಳಬಹುದು.

ಕನ್ನಡವೇ_ಮೊದಲು
ಮೊದಲ ಪೋಸ್ಟ್ ಈಗ ಓದಿದೆ. ನನ್ನದೂ ಒಂದು ಸಲಹೆ. ಫೋಟೋ ಕತ್ತರಿಸಿ ಇಂಗ್ಲಿಷ್ ಭಾಗವನ್ನು ಮಾತ್ರ ಉಳಿಸಬೇಡಿ. ಫಲಕದಲ್ಲಿ ಕನ್ನಡ ಮೇಲಿದೆ, ಇಡೀ ಫಲಕ ಕಂಡರೆ ತಾನೇ ಅತಿಥಿಗೆ ಗುರುತು ಸಿಗುವುದು? ಊರ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತ ನೋಡಿ ಅರಬ್ಬಿಗೆ ತರಬೇಡಿ. ಹೆಬ್ಬಾಳದ ಎಳೆತ, ಯಲಹಂಕದ ಕೊನೆಯ ಸ್ವರ ಎಲ್ಲ ಹೋಗುತ್ತದೆ. ನಾವು ಹೇಳುವುದನ್ನು ಕೇಳಿಸಿಕೊಂಡು ಬರೆಯಲಿ. ಆಗ ಅವರು ಓದಿದ್ದು ಆಟೋದವನಿಗೆ ತಿಳಿಯುತ್ತದೆ.

ಕೈರೋ_ನೆನಪು
ಒಳ್ಳೆಯ ಮಾತು. ಆದರೆ ಊರಿನ ಹೆಸರಿನಲ್ಲೇ ಸಮಸ್ಯೆ ಇದೆ. ಅರಬ್ಬಿಯಲ್ಲಿ ನಮ್ಮ "ಗ" ಇಲ್ಲ. ಕೊಲ್ಲಿಯವರು ಗೈನ್ ಬಳಸಿ "ಬನ್‌ಘಾಲೂರ್" ಎಂದು ಬರೆದರೆ, ಈಜಿಪ್ಟಿನವರು ಜೀಮ್ ಅಕ್ಷರವನ್ನೇ ಗ ಎಂದು ಉಚ್ಚರಿಸುವುದರಿಂದ ಜೀಮ್ ಹಾಕಿ ಬರೆಯುತ್ತಾರೆ. ಅದನ್ನು ಒಮಾನಿನವರು ಓದಿದರೆ ಬಂಜಾಲೂರ್.

ಕನ್ನಡವೇ_ಮೊದಲು
ಕೊನೆಯ ಉಕಾರ ಇಬ್ಬರೂ ನುಂಗಿದ್ದಾರೆ. "ಬೆಂಗಳೂರು" ಎಂದೇ ಬರೆಸಿ.

ಮಸ್ಕತ್_ನಿವಾಸಿ
ಅವರ ವೀಸಾ ಕಾಗದದಲ್ಲಿ, ಟಿಕೆಟ್‌ನಲ್ಲಿ, ಅವರ ವೈದ್ಯರ ಪತ್ರದಲ್ಲಿ ಹಳೆಯ ರೂಪವೇ ಇರಬಹುದು. ರೋಗಿಗೆ ಎರಡು ಊರು ಎಂದು ಗೊಂದಲ ಮಾಡಬೇಡಿ. ಗೈನ್ ರೂಪ ಇಟ್ಟುಕೊಳ್ಳಿ.

ಕನ್ನಡವೇ_ಮೊದಲು
ಒಪ್ಪುವುದಿಲ್ಲ.

ಅಕ್ಷರ_ಜೋಡಣೆ
ಅಂಕಿಗಳ ವಿಷಯ ಬಾಕಿ ಉಳಿಯಿತು. ದ್ವಾರದ ಸಂಖ್ಯೆ, ಬಸ್ ಸಂಖ್ಯೆಯನ್ನು ಅರಬ್ಬಿ ಅಂಕಿಯಲ್ಲಿ ಹಾಕಬೇಕೇ? ವಾಯುವಜ್ರ ಬಸ್ಸಿನ ಮೇಲೆ ಕೆಐಎ ಎಂಬ ಇಂಗ್ಲಿಷ್ ಅಕ್ಷರವೂ ಇರುತ್ತದೆ.

ಮಸ್ಕತ್_ನಿವಾಸಿ
ದ್ವಾರ, ವಿಮಾನ, ಬಸ್ ಸಂಖ್ಯೆಗಳನ್ನು ಫಲಕದಲ್ಲಿ ಇರುವಂತೆಯೇ ಇಂಗ್ಲಿಷ್ ಅಕ್ಷರ, ಅಂಕಿಯಲ್ಲೇ ಬಿಡಿ. ಅವರು ಹುಡುಕಬೇಕಾದದ್ದು ಆ ಆಕಾರವನ್ನೇ. ಸೌದಿಯಂಥ ಕೊಲ್ಲಿ ದೇಶಗಳ ವಾಹನಗಳ ನೋಂದಣಿ ಫಲಕದಲ್ಲಿ ಎರಡೂ ಬಗೆಯ ಅಂಕಿಗಳಿವೆ, ಹಾಗಾಗಿ ಗುರುತು ಹಿಡಿಯುತ್ತಾರೆ.

ನರ್ಸಮ್ಮ
ಎಲ್ಲರೂ ಹಿಡಿಯುವುದಿಲ್ಲ. ಹಳ್ಳಿಯಿಂದ ಬಂದ ಹಿರಿಯರು ಕೊಠಡಿ ಸಂಖ್ಯೆಯನ್ನು ಅರಬ್ಬಿಯಲ್ಲಿ ಬರೆದುಕೊಡಿ ಎಂದು ಕೇಳುತ್ತಾರೆ. ಎರಡನ್ನೂ ಹಾಕಿ. ಕನ್ನಡ ಅಂಕಿಯ ಫಲಕ ಬಂದರಂತೂ ಎಚ್ಚರ: ಅವರ ಐದು ನಮ್ಮ ಸೊನ್ನೆಯಂತೆ ಉರುಟಾಗಿದೆ, ಅವರ ಸೊನ್ನೆ ಬರಿಯ ಚುಕ್ಕೆ. ನಮ್ಮ ಹತ್ತನ್ನು ಅವರು ಹೇಗೆ ಓದಿಕೊಳ್ಳುತ್ತಾರೋ ಯೋಚಿಸಿ. ಓದಲೇ ಬಾರದವರಿಗೆ ಅದೇ ಸಾಲನ್ನು ಧ್ವನಿ ಸಂದೇಶವಾಗಿ ಕಳುಹಿಸಿ, ಅರಬ್ಬಿ ಬಲ್ಲ ಅತಿಥಿಯೊಬ್ಬರಿಂದ ಓದಿಸಿ.

ಮಸ್ಕತ್_ನಿವಾಸಿ
ಎರಡೂ ಹಾಕಿದರೆ ಸಾಲು ಉದ್ದವಾಗುತ್ತದೆ, ಎರಡು ಸಂಖ್ಯೆ ಎಂದು ತಿಳಿಯುವವರೂ ಇದ್ದಾರೆ. ಧ್ವನಿ ಸಂದೇಶಕ್ಕೆ ಮಾತ್ರ ಪೂರ್ತಿ ಸಮ್ಮತಿ.

ಅತಿಥಿಗೃಹದವನು
ಸಲಾಲಾದವರು ಇನ್ನೂ ಇಲ್ಲೇ ಇದ್ದಾರೆ. ಇಂದು ಊಟವಾದ ಮೇಲೆ ಅವರ ಮುಂದೆ ಎರಡೂ ಬಗೆಯ ಚಿತ್ರ ಇಡುತ್ತೇನೆ, ಧ್ವನಿಯನ್ನೂ ಅವರಿಂದಲೇ ಹೇಳಿಸುತ್ತೇನೆ. ಅಕ್ಷರ_ಜೋಡಣೆಯವರೇ, ಪುಟ ಕಟ್ಟಿಕೊಡಲು ಎಷ್ಟಾಗುತ್ತದೆ?

ಅಕ್ಷರ_ಜೋಡಣೆ
ಫೋಟೋಗಳನ್ನು ಕತ್ತರಿಸದೆ ಕಳುಹಿಸಿ, ನೋಡಿ ಹೇಳುತ್ತೇನೆ. ಬರಹವನ್ನು ಚಿತ್ರವಾಗಿ ಅಲ್ಲ, ಟೈಪ್ ಮಾಡಿದ ಸಾಲಾಗಿಯೇ ಕೊಡಿ.

ಹಳದಿ_ಬೋರ್ಡ್
ಟೋಲ್ ಪುಟ ಮೊದಲು.